ಡಿ, ಒಂದು ಗೆರೆ, ಏಳು

ಅವಳು ಮಾಡಿದ ಕೆಲಸವನ್ನು ಇನ್ನೊಮ್ಮೆ ನೋಡುವವರು ಯಾರೂ ಇರಲಿಲ್ಲ.

ಆಸ್ಪತ್ರೆಯ ಕಂಪ್ಯೂಟರ್ ವಿಭಾಗ ಎಂದರೆ ನೆಲಮಾಳಿಗೆಯ ಒಂದು ಕೋಣೆ, ಎರಡು ಮೇಜು, ಒಂದು ಕುರ್ಚಿ. ಎರಡನೇ ಕುರ್ಚಿಯನ್ನು ಎಕ್ಸ್‌ರೇಯವರು ಒಂದು ದಿನದ ಮಟ್ಟಿಗೆಂದು ಹೊತ್ತುಕೊಂಡು ಹೋಗಿ ಮೂರು ವರ್ಷವಾಗಿತ್ತು. ಕೂರುವವರು ಇಲ್ಲದ ಮೇಲೆ ಕುರ್ಚಿ ಯಾಕೆಂದು ಅವಳೂ ಕೇಳಲು ಹೋಗಿರಲಿಲ್ಲ. ಪ್ರೋಗ್ರಾಂ ಬರೆಯುವವಳು ಅವಳೇ, ಪರೀಕ್ಷೆ ಮಾಡುವವಳು ಅವಳೇ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಎಳೆಯುವವಳೂ ಅವಳೇ. ವರ್ಷಕ್ಕೊಮ್ಮೆ ಗುತ್ತಿಗೆಯ ಕಾಗದಕ್ಕೆ ಸಹಿ ಹಾಕುವಾಗ ಇನ್ನೊಬ್ಬರನ್ನು ಕೊಡಿ ಎಂದು ಬರೆಯುತ್ತಿದ್ದಳು. ಆ ಸಾಲನ್ನು ಯಾರೂ ಹೊಡೆದುಹಾಕುತ್ತಿರಲಿಲ್ಲ, ಓದುತ್ತಲೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಮೇಣದಪ್ಪ ಮೆಟ್ಟಿಲಿಳಿದು ಬಂದ. ಅದು ಅವನ ಹೆಸರಲ್ಲ. ಪ್ರಯೋಗಾಲಯದ ಉಗ್ರಾಣವನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಂಡು ಬಂದವನು ಅವನು. ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಮೇಣದಲ್ಲಿ ಕೂರಿಸಿ, ಬೆಂಕಿಪೊಟ್ಟಣದ ಅರ್ಧದಷ್ಟು ದಪ್ಪದ ಬ್ಲಾಕ್ ಮಾಡಿ, ನಂಬರು ಹಾಕಿ ಸಣ್ಣ ಸಣ್ಣ ಡ್ರಾಯರುಗಳಲ್ಲಿ ಇಡುತ್ತಾರೆ. ಅಂಥವು ಅರವತ್ತೊಂದು ಸಾವಿರ ಅವನ ಕೈಕೆಳಗಿದ್ದವು. ಹಾಗಾಗಿ ಆ ಹೆಸರು ಅಂಟಿಕೊಂಡಿತ್ತು.

ಅವನು ಸುಮ್ಮನೆ ಬರುವ ಆಸಾಮಿಯಲ್ಲ. ಬಂದರೆ ಬಾಗಿಲಲ್ಲೇ ನಿಂತು, ನಿಮ್ಮ ಪಾತಾಳಲೋಕದಲ್ಲಿ ಎಲ್ಲ ಕ್ಷೇಮವೇ ಎಂದು ಕೇಳಿಯೇ ಒಳಗೆ ಬರುತ್ತಿದ್ದ. ಅಂದು ಕೇಳಲಿಲ್ಲ. ಒಂದು ಚೀಟಿಯನ್ನು ಕೀಬೋರ್ಡಿನ ಮೇಲೆ ಇಟ್ಟ. ಅದರಲ್ಲಿ ಒಂದು ಬ್ಲಾಕಿನ ನಂಬರು.

"ಇದು ಎಲ್ಲಿದೆ ನೋಡಮ್ಮ."

ನೋಡಿದಳು. ನಂಬರಿನ ಮುಂದೆ 'ವಿಲೇವಾರಿಯಾಗಿದೆ' ಎಂದಿತ್ತು. ಬ್ಲಾಕು ಬಂದು ನಾಲ್ಕು ತಿಂಗಳಾಗಿತ್ತು, ಅಷ್ಟೆ. ಹತ್ತು ವರ್ಷ ತುಂಬದೆ ಯಾವ ಬ್ಲಾಕನ್ನೂ ಎಸೆಯುವಂತಿಲ್ಲ ಎನ್ನುವುದು ಉಗ್ರಾಣದ ಬಾಗಿಲ ಮೇಲೆಯೇ ಬರೆದಿರುವ ನಿಯಮ.

ತಪ್ಪಾಗಿ ಗುರುತಾಗಿರಬೇಕು, ಡ್ರಾಯರಿನಲ್ಲೇ ಇರುತ್ತದೆ ಎಂದಳು. ಡ್ರಾಯರು ನೋಡಿಯೇ ಬಂದೆ, ಖಾಲಿ ಎಂದ. ಆಮೇಲೆ ಇಷ್ಟು ಹೊತ್ತು ನುಂಗಿಕೊಂಡಿದ್ದನ್ನು ಹೇಳಿದ. ಏಳನೇ ವಾರ್ಡಿನಲ್ಲಿ ಒಬ್ಬ ಹೆಂಗಸು ಇದ್ದಾಳೆ, ಶ್ವಾಸಕೋಶದ ಗಡ್ಡೆ. ಹೊಸದೊಂದು ಮಾತ್ರೆ ಇದೆ, ಅದು ಹಿಡಿಸುತ್ತದೋ ಇಲ್ಲವೋ ತಿಳಿಯಲು ಆ ಬ್ಲಾಕಿನಿಂದ ಒಂದು ತೆಳು ಪದರ ಕತ್ತರಿಸಿ ಬೇರೆ ಊರಿಗೆ ಪರೀಕ್ಷೆಗೆ ಕಳಿಸಬೇಕು. ಅವಳ ತಮ್ಮ, ಲಾರಿ ಮೆಕ್ಯಾನಿಕ್, ಶುಕ್ರವಾರದಿಂದ ಕಿಟಕಿಯ ಮುಂದೆ ನಿಂತಿದ್ದಾನೆ. ಮೊದಲ ದಿನ, ಊಟ ಮಾಡಿ ಬಾರಪ್ಪ ಎಂದು ಕಳಿಸಿದೆ. ಶನಿವಾರ, ದೊಡ್ಡ ಡಾಕ್ಟರು ಇಲ್ಲ ಎಂದೆ. ಇವತ್ತು ಹೇಳಲು ಏನೂ ಉಳಿದಿಲ್ಲ.

"ಡಿ ಏಳರಲ್ಲಿ ಹೋಗಿರಬೇಕು ಅನ್ಸತ್ತೆ," ಎಂದ.

ಡಿ ಏಳು ಏನೆಂದು ಅವಳಿಗೆ ಗೊತ್ತಿತ್ತು, ಯಾಕೆಂದರೆ ಅದು ಅವಳು ಮಾಡದೆ ಬಿಟ್ಟ ಕೆಲಸದ ಗುರುತು. ಅವಧಿ ಮುಗಿದ ಬ್ಲಾಕುಗಳನ್ನು ಕಂತು ಕಂತಾಗಿ ವಿಲೇವಾರಿ ಮಾಡುತ್ತಾರೆ. ಯಾವ ಬ್ಲಾಕು ಯಾವ ಕಂತಿಗೆ ಎಂದು ಬರೆಯಲು ಒಂದು ಬೇರೆ ಅಂಕಣ ಬೇಕೆಂದು ಮೇಣದಪ್ಪ ಐದು ವರ್ಷದ ಹಿಂದೆಯೇ ಕೇಳಿದ್ದ. ಮುಂದಿನ ಸಲ ಮಾಡೋಣ ಎಂದಿದ್ದಳು. ಮುಂದಿನ ಸಲ ಬರಲಿಲ್ಲ. ಅವನು ತನ್ನದೇ ದಾರಿ ಕಂಡುಕೊಂಡ. ಷರಾ ಬರೆಯುವ ಜಾಗದಲ್ಲಿ D_1 ಎಂದು ಹಾಕಿದ, ಮುಂದಿನ ಕಂತಿಗೆ D_2. ಆಮೇಲೆ ಹುಡುಕುವ ಪೆಟ್ಟಿಗೆಯಲ್ಲಿ ಅದನ್ನೇ ಬರೆದರೆ ಆ ಕಂತಿನವೆಲ್ಲ ಸಾಲಾಗಿ ಬರುತ್ತಿದ್ದವು. ಎಲ್ಲಕ್ಕೂ ಒಟ್ಟಿಗೆ ಟಿಕ್ ಹಾಕಿ, ಪಟ್ಟಿ ಮುದ್ರಿಸಿ, ಸಹಿ ಮಾಡಿಸಿ, ಬ್ಲಾಕುಗಳನ್ನು ಹಳದಿ ಚೀಲಕ್ಕೆ ತುಂಬಿ ಸುಡುವವರ ಗಾಡಿಗೆ ಕೊಡುವುದು. ನಡುವಿನ ಗೆರೆ ಯಾಕೆ ಎಂದು ಒಮ್ಮೆ ಕೇಳಿದ್ದಳು. ನೋಡಲು ಚೆನ್ನಾಗಿದೆ, ಬೇರೆ ಯಾರೂ ಹಾಗೆ ಬರೆಯಲ್ಲ, ಅದಕ್ಕೆ ಎಂದಿದ್ದ.

ಅವಳು ಹುಡುಕುವ ಪೆಟ್ಟಿಗೆಯಲ್ಲಿ D_7 ಎಂದು ಒತ್ತಿದಳು. ಆರುನೂರ ಎಪ್ಪತ್ತೊಂಬತ್ತು ಸಾಲು ಬಂದವು. ಹಳೆಯವು ಮೊದಲು, ಹೊಸವು ಕೊನೆಗೆ. ಒಂದು ಪುಟಕ್ಕೆ ಐವತ್ತರಂತೆ ಹದಿನಾಲ್ಕು ಪುಟ. ನೇರ ಕೊನೆಯ ಪುಟಕ್ಕೆ ಹೋದಳು. ಅಲ್ಲಿ ಇಪ್ಪತ್ತೊಂಬತ್ತು ಸಾಲು, ಒಂದರಲ್ಲೂ ಷರಾದಲ್ಲಿ D_7 ಇರಲಿಲ್ಲ. ಎಲ್ಲದರಲ್ಲೂ WARD 7 ಎಂದಿತ್ತು.

ಅವಳಿಗೆ ಅರ್ಥವಾಗಿತ್ತು. ಅವನಿಗೆ ಅರ್ಥವಾಗಿರಲಿಲ್ಲ, ಆದರೆ ಅವನು ಇದನ್ನು ಮೊದಲೇ ನೋಡಿದ್ದ.

"ಹುಚ್ಚು ಹಿಡಿದಿದೆ ನಿಮ್ಮ ಹುಡುಕೋದಕ್ಕೆ ಅಂತ ಆವತ್ತೇ ಫೋನ್ ಮಾಡಿದ್ನಲ್ಲಮ್ಮ, ನೆನಪಿದೆಯಾ? ಡಿ ನಾಲ್ಕರಲ್ಲಿ."

ನೆನಪಿತ್ತು. ಅಂದು ಪಟ್ಟಿಯಲ್ಲಿ ಮೂರು ಅಪರಿಚಿತ ಸಾಲು ಸೇರಿಕೊಂಡಿದ್ದವು, ಮೂರರ ಷರಾದಲ್ಲೂ BED 4 ಎಂದಿತ್ತು. ಫೋನಿನಲ್ಲಿ ಅವನು ಸಾಲು ಸಾಲಾಗಿ ಓದಿ ಹೇಳುತ್ತಿದ್ದಾಗ ಅವಳು ಇನ್ನೊಂದು ಕಿವಿಯಲ್ಲಿ ಔಷಧಿ ಅಂಗಡಿಯವರ ಗೋಳು ಕೇಳುತ್ತಿದ್ದಳು. ಬೇಡದ್ದರ ಟಿಕ್ ತೆಗೆದುಬಿಡಿ ಅಣ್ಣ, ಅಷ್ಟೇ, ಎಂದಿದ್ದಳು. ದೂರು ಪುಸ್ತಕದಲ್ಲಿ 'ಟಿಕ್ ತೆಗೆಯಲು ಬಳಕೆದಾರರಿಗೆ ತಿಳಿಸಲಾಗಿದೆ' ಎಂದು ಬರೆದು ಮುಗಿಸಿದ್ದಳು.

ಅದಕ್ಕಿಂತ ಮುಂಚೆ ಇನ್ನೊಂದು ಸಲವೂ ಆಗಿತ್ತು. ಯಾರೋ ತಂತ್ರಜ್ಞರು ಶೇಕಡಾ ಚಿಹ್ನೆಯನ್ನು ಒಂದನ್ನೇ ಒತ್ತಿದಾಗ ಉಗ್ರಾಣದ ಬ್ಲಾಕುಗಳೆಲ್ಲ ತೆರೆಯ ಮೇಲೆ ಬಂದು ಕಂಪ್ಯೂಟರು ಹತ್ತು ನಿಮಿಷ ಮಾತಾಡಿರಲಿಲ್ಲ. ಅದನ್ನು ಅವರು ವಾರವಿಡೀ ಹೇಳಿಕೊಂಡು ನಕ್ಕಿದ್ದರು. ಅವಳೂ ನಕ್ಕಿದ್ದಳು.

ಈಗ ಅವನಿಗೆ ಹೇಳಿದಳು. ಹುಡುಕಲು ಅವಳು ಬಳಸಿದ್ದು 'ಲೈಕ್' ಎನ್ನುವ ಆಜ್ಞೆ. ಅದರ ಭಾಷೆಯಲ್ಲಿ ಎರಡು ಚಿಹ್ನೆಗಳು ಚಿಹ್ನೆಗಳಲ್ಲ. ಶೇಕಡಾ ಎಂದರೆ ಇಲ್ಲಿ ಏನು ಬೇಕಾದರೂ ಇರಲಿ, ಎಷ್ಟು ಉದ್ದವಾದರೂ ಇರಲಿ, ಏನೂ ಇಲ್ಲದಿದ್ದರೂ ಸರಿ. ಕೆಳಗಿನ ಗೆರೆ ಎಂದರೆ ಇಲ್ಲಿ ಯಾವುದಾದರೂ ಒಂದೇ ಒಂದು ಅಕ್ಷರ. ನೀವು ಡಿ, ಗೆರೆ, ಏಳು ಎಂದು ಬರೆದರೆ ಅದು ಡಿ, ಯಾವುದೋ ಒಂದು, ಏಳು ಎಂದು ಓದಿಕೊಳ್ಳುತ್ತದೆ.

"ವಾರ್ಡ್ ಏಳರಲ್ಲಿ ನಡುವೆ ಏನೂ ಇಲ್ವಲ್ಲಮ್ಮ."

"ಖಾಲಿ ಜಾಗ ಇದೆ ಅಣ್ಣ. ಅದಕ್ಕೆ ಖಾಲಿ ಜಾಗಾನೂ ಒಂದು ಅಕ್ಷರಾನೇ."

ಅವನು ಬೆರಳಿನಿಂದ ಪರದೆಯ ಮೇಲೆ WARD ಪದದ ಕೊನೆಯ ಡಿಯನ್ನು ಮುಟ್ಟಿ, ಖಾಲಿ ಜಾಗವನ್ನು ಮುಟ್ಟಿ, ಏಳನ್ನು ಮುಟ್ಟಿದ. ತಲೆ ಅಲ್ಲಾಡಿಸಿದ. ಹಿಂದಿನ ಕಂತುಗಳಲ್ಲಿ ಹೀಗೆ ಬಂದಿದ್ದು ಎರಡೋ ಮೂರೋ ಸಾಲು, ಬೇರೆ ವಾರ್ಡುಗಳಿಗೆ ನಂಬರಿಲ್ಲ. ಈ ವರ್ಷ ಹೊಸ ಕಟ್ಟಡದಲ್ಲಿ ಏಳನೇ ವಾರ್ಡು ತೆರೆದು ಆರು ತಿಂಗಳಾಗಿತ್ತು. ಅಲ್ಲಿಂದ ಬಂದ ಬ್ಲಾಕುಗಳ ಷರಾದಲ್ಲಿ ವಾರ್ಡು ಬರೆಯಿರಿ ಎಂದು ದೊಡ್ಡ ಡಾಕ್ಟರೇ ಹೇಳಿದ್ದರು.

ಆದರೂ ಅವಳಿಗೆ ಒಂದು ಲೆಕ್ಕ ಸಿಗಲಿಲ್ಲ. ಡಿ ನಾಲ್ಕರಿಂದ ಈಚೆಗೆ ಅವನು ಪ್ರತಿ ಸಾಲನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಾನೆ ಎಂದು ಗೊತ್ತಿತ್ತು. ಹಾಗಾದರೆ ಈ ಸಲ ಯಾಕೆ ತಪ್ಪಿತು?

ಉಗ್ರಾಣಕ್ಕೆ ಹೋದರು. ಕಿಟಕಿಯ ಆಚೆ ಬೆಂಚಿನ ಮೇಲೆ ಎಣ್ಣೆ ಇಂಗಿದ ಬೆರಳುಗಳ ಒಬ್ಬ ಕೂತಿದ್ದ. ಎದ್ದು ನಿಂತ. ಇನ್ನೂ ನೋಡ್ತಾ ಇದ್ದೀವಿ ಎಂದು ಮೇಣದಪ್ಪ ಅವನ ಮುಖ ನೋಡದೆ ಹೇಳಿದ. ಒಳಗೆ ತಣ್ಣಗೆ, ಮೇಣದ ವಾಸನೆ, ಮಂಡಿಯಿಂದ ತಲೆಯವರೆಗೆ ಸಣ್ಣ ಡ್ರಾಯರುಗಳ ಬೀರುಗಳು. ತನ್ನ ಮೇಜಿನ ಖಾನೆಯಿಂದ ಅವನು ಎರಡು ಪಟ್ಟಿ ತೆಗೆದ.

ಮೊದಲನೆಯದು ಹಳೆಯ ತಲೆಬರಹದ ಕಾಗದದ ಮೇಲೆ. ಕೊನೆಯಲ್ಲಿ ಒಟ್ಟು ಆರುನೂರ ಮೂವತ್ತೆಂಟು. ಪ್ರತಿ ಪುಟದ ಅಂಚಿನಲ್ಲೂ ಪೆನ್ಸಿಲ್ಲಿನ ಸಣ್ಣ ಗುರುತು. ಅದನ್ನು ಮಾಡಲು ಅವನಿಗೆ ಒಂದೂವರೆ ದಿನ ಹಿಡಿದಿತ್ತು. ನಲವತ್ತೊಂದು ಸಾಲಿನ ಟಿಕ್ ಒಂದೊಂದಾಗಿ ತೆಗೆದು, ಮುದ್ರಿಸಿ, ಸಹಿಗೆ ಒಯ್ದಿದ್ದ. ದೊಡ್ಡ ಡಾಕ್ಟರು ಕಾಗದ ನೋಡಿ, ಆಸ್ಪತ್ರೆಯ ಹೊಸ ತಲೆಬರಹ ಬಂದು ಹದಿನೈದು ದಿನವಾಯಿತು, ಹೊಸದರಲ್ಲಿ ಮುದ್ರಿಸಿ ತನ್ನಿ ಎಂದು ಹಿಂದಕ್ಕೆ ಕೊಟ್ಟರು. ಸುಡುವವರ ಗಾಡಿ ಹೊರಗೆ ಹಾರ್ನ್ ಹೊಡೆಯುತ್ತಿತ್ತು. ಅವನು ಓಡಿಬಂದು D_7 ಒತ್ತಿದ, ಎಲ್ಲಕ್ಕೂ ಟಿಕ್ ಹಾಕಿದ, ಮುದ್ರಿಸಿದ. ಎಲ್ಲಕ್ಕೂ ಟಿಕ್ ಹಾಕಿದರೂ ತಾನು ನಿನ್ನೆ ಟಿಕ್ ತೆಗೆದ ಸಾಲುಗಳು ಹೊರಗೇ ಉಳಿಯುತ್ತವೆ ಎಂದುಕೊಂಡಿದ್ದ.

ಉಳಿಯುವುದಿಲ್ಲ. ಪರದೆ ಮುಚ್ಚಿದರೆ ಯಾವುದರ ಟಿಕ್ ತೆಗೆದಿತ್ತು ಎನ್ನುವ ನೆನಪೂ ಹೋಗುತ್ತದೆ. ಅದನ್ನೂ ಅವಳೇ ಹಾಗೆ ಬರೆದಿದ್ದಳು.

ಎರಡನೇ ಪಟ್ಟಿಯ ಕೊನೆಯಲ್ಲಿ ಒಟ್ಟು ಆರುನೂರ ಎಪ್ಪತ್ತೊಂಬತ್ತು. ಅದರ ಕೆಳಗೆ ಮೂರು ಸಹಿ. ಒಂದು ಅವನದು, ಒಂದು ಮುಖ್ಯ ತಂತ್ರಜ್ಞರದು, ಒಂದು ದೊಡ್ಡ ಡಾಕ್ಟರದು. ಪಟ್ಟಿಯಲ್ಲಿ ಷರಾ ಮುದ್ರಣವಾಗುವುದಿಲ್ಲ, ಬ್ಲಾಕಿನ ನಂಬರು ಮತ್ತು ಡ್ರಾಯರು ಮಾತ್ರ. ಪಟ್ಟಿಗೆ ಪಿನ್ ಹೊಡೆದಿದ್ದ, ಸುಟ್ಟದ್ದರ ಪ್ರಮಾಣಪತ್ರದಲ್ಲಿ ತಾರೀಕು ಒಂಬತ್ತು ದಿನ ಹಿಂದಿನದು. ತೂಕ ಮೂರು ಕಿಲೋ ನೂರು ಗ್ರಾಂ.

"ನೀವೇ ತೆಗೆದುಕೊಟ್ರಾ ಅಣ್ಣ, ಡ್ರಾಯರಿಂದ?"

"ನಾನು ನಂಬರ್ ಓದ್ದೆ. ಗಾಡಿಯೋನು ತೆಗೆದ." ಅವನು ಕುರ್ಚಿಯ ತುದಿಗೆ ಕೂತ. "ಕೊನೇಲಿ ಹೊಸ ಬೀರು ಕಡೆ ಹೋಗಬೇಕಾಯ್ತು. ಹೊಸ ಬೀರು ಯಾಕೆ ಅಂತ ಒಂದ್ಸಲ ಅನ್ನಿಸ್ತು. ಸುಳ್ಳು ಹೇಳಲ್ಲ. ಅನ್ನಿಸ್ತು. ಸಹಿ ಆಗಿದೆಯಲ್ಲ ಅಂದ್ಕೊಂಡೆ."

ಅವಳು ಎರಡು ಪಟ್ಟಿಗಳನ್ನೂ ಮಡಚಿ ಕೈಗೆ ತೆಗೆದುಕೊಂಡಳು. ಹೇಳಲು ಬಂದದ್ದೆಲ್ಲ ಅವಳ ಕಡೆಗೇ ತಿರುಗುತ್ತಿತ್ತು.

ಮಧ್ಯಾಹ್ನ ದೊಡ್ಡ ಡಾಕ್ಟರು ಕರೆಸಿದರು. ಅವರು ಕೆಟ್ಟವರಲ್ಲ, ದಣಿದವರು. ಮೇಜಿನ ಮೇಲೆ ತಿನ್ನದೆ ಬಿಟ್ಟ ಊಟದ ಡಬ್ಬಿ ಇತ್ತು. ಅರ್ಧ ಗಂಟೆ ಮಾತಾಡಿದರು. ವಿಷಯ ಮೇಲಿನವರಿಗೆ ಹೋಗಿದೆ, ಉಗ್ರಾಣದವನಿಗೆ ನಿರ್ಲಕ್ಷ್ಯದ ಮೆಮೊ ಸಿದ್ಧವಾಗಿದೆ, ಅದು ಸಾಬೀತಾದರೆ ಅವನ ಕೆಲಸ ಹೋಗುತ್ತದೆ, ಪಾಪ, ಆದರೆ ಏನು ಮಾಡುವುದು ಎಂದರು. ಗೆರೆಯ ಕತೆಯನ್ನು ಅವಳು ಹೇಳಿದಾಗ ಎರಡು ಸಲ ಕೇಳಿಸಿಕೊಂಡರು. ಅರ್ಥವಾಯಿತು. ಅರ್ಥವಾದದ್ದೇ ಅವರಿಗೆ ಕಷ್ಟವಾಯಿತು.

"ಅದೆಲ್ಲ ಬರೆದ್ರೆ ಆರು ವರ್ಷದಿಂದ ಹುಡುಕಿದ್ದೆಲ್ಲ ಸರಿ ಇತ್ತಾ ಅಂತ ಕೇಳ್ತಾರೆ," ಎಂದರು. "ಬಳಕೆದಾರರು ಪಟ್ಟಿ ಪರಿಶೀಲಿಸಿಲ್ಲ ಅಂತ ಒಂದು ಸಾಲು ಬರೆದುಕೊಡಿ. ಅದು ಸುಳ್ಳೇನಲ್ಲವಲ್ಲ."

ಸುಳ್ಳಲ್ಲ. ಅದೇ ತೊಂದರೆ. ನಾಳೆ ಹನ್ನೊಂದರೊಳಗೆ ವರದಿ ಬೇಕು ಎಂದು ಕಳಿಸಿದರು. ಅವಳ ಗುತ್ತಿಗೆ ಮುಂದಿನ ತಿಂಗಳು ಮುಗಿಯುತ್ತದೆ ಎನ್ನುವುದನ್ನು ಅವರು ಹೇಳಲಿಲ್ಲ. ಅವಳಿಗೆ ತಾರೀಕು ಬಾಯಿಪಾಠವಿತ್ತು.

ಮೊದಲು ಪ್ರೋಗ್ರಾಂ ಸರಿಮಾಡಿದಳು. ಬೇಜಾರೆಂದರೆ ಅದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಬಳಕೆದಾರರು ಬರೆದ ಪದವನ್ನು ಆಜ್ಞೆಯೊಳಗೆ ನೇರ ಅಂಟಿಸದೆ ಬೇರೆಯಾಗಿಯೇ ಕಳಿಸುತ್ತಿದ್ದಳು. ಒಳಗೆ ನುಸುಳಿ ಕಿತಾಪತಿ ಮಾಡುವವರಿಗೆ ಅದು ಬಾಗಿಲು ಹಾಕುತ್ತದೆ. ಅಷ್ಟಕ್ಕೇ ಎಲ್ಲ ಭದ್ರ ಎಂದು ಇಷ್ಟು ವರ್ಷ ನಂಬಿದ್ದಳು. ಆದರೆ ಹಾಗೆ ಕಳಿಸಿದ ಪದದೊಳಗೂ ಲೈಕ್ ತನ್ನ ಎರಡು ಚಿಹ್ನೆಗಳನ್ನು ಗುರುತಿಸಿಯೇ ಗುರುತಿಸುತ್ತದೆ. ಅವುಗಳ ಹಿಂದೆ ಒಂದು ಓರೆಗೆರೆ ಇಟ್ಟು, ಓರೆಗೆರೆಯ ಮುಂದಿನದನ್ನು ಇದ್ದ ಹಾಗೇ ಓದು ಎಂದು ಆಜ್ಞೆಯ ಕೊನೆಯಲ್ಲಿ ಹೇಳಬೇಕು. ಬಳಕೆದಾರರೇ ಓರೆಗೆರೆ ಬರೆದಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಎರಡು ಮಾಡಬೇಕು. ಕೊನೆಗೆ ಮಾಡಿದರೆ ತಾನು ಈಗತಾನೇ ಇಟ್ಟ ಓರೆಗೆರೆಗಳೂ ಎರಡಾಗಿ ಎಲ್ಲ ಕೆಡುತ್ತದೆ. ಮಾಡಿದಳು. D_7 ಒತ್ತಿದಳು. ಆರುನೂರ ಮೂವತ್ತೆಂಟು. ಶೇಕಡಾ ಚಿಹ್ನೆ ಒಂದನ್ನೇ ಒತ್ತಿದಳು. ನಾಲ್ಕು ಸಾಲು ಬಂದವು, ನಾಲ್ಕರಲ್ಲೂ ಯಾರೋ ನಿಜವಾಗಿಯೇ '10%' ಎಂದು ದ್ರಾವಣದ ಪ್ರಮಾಣ ಬರೆದಿದ್ದರು. ಖುಷಿಯೇನೂ ಆಗಲಿಲ್ಲ. ಸತ್ತವರ ಮನೆಗೆ ಔಷಧಿ ತಂದಂತಿತ್ತು.

ಸಂಜೆ ಮನೆಯಲ್ಲಿ ಅಕ್ಕ ಹೊಲಿಗೆ ಮಿಷಿನ್ನಿನ ಮುಂದೆ ಕೂತಿದ್ದಳು. ಶಾಲೆಯ ಸಮವಸ್ತ್ರದ ರಾಶಿ ಮಂಚದ ಮೇಲೆ ಇದ್ದದ್ದರಿಂದ ತಂಗಿ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಅಕ್ಕ ಕಾಲು ನಿಲ್ಲಿಸದೆ ಕೇಳಿದಳು. ಗೆರೆ, ಖಾಲಿ ಜಾಗ, ಲೈಕ್, ಯಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ.

"ಆ ಮನುಷ್ಯ ನಿಂಗೆ ಮೊದಲೇ ಹೇಳಿದ್ನಾ ಇಲ್ವಾ?"

"ಹೇಳಿದ್ರು."

"ಮತ್ತೆ ಕೂತು ಏನು ಯೋಚಿಸ್ತಿದ್ದೀಯ? ಚಿಕ್ಕವಳಿದ್ದಾಗ ಅಪ್ಪನ ಲೆಕ್ಕದ ಪುಸ್ತಕದ ಮೇಲೆ ಶಾಯಿ ಚೆಲ್ಲಿ ನನ್ನ ಹೆಸರು ಹೇಳಿದ್ದೆ. ಆಗ ನಿಂಗೆ ಆರು ವರ್ಷ ಅಂತ ಬಿಟ್ಟೆ."

"ಕೆಲಸ ಹೋದ್ರೆ?"

"ಕಾಜ ಹೊಲಿಯೋಕೆ ಜನ ಬೇಕಾಗಿದ್ದಾರೆ," ಎಂದು ಅಕ್ಕ ದಾರ ಕಚ್ಚಿ ತುಂಡು ಮಾಡಿದಳು. "ಆದರೆ ನಿನ್ನ ಕಾಜ ನಾನು ನೋಡಿದ್ದೀನಿ. ಅದಕ್ಕೇ ಹೆದರ್ತಿದ್ದೀನಿ."

ಮರುದಿನ ಬೆಳಿಗ್ಗೆ ವರದಿ ಬರೆದಳು. ಎರಡು ಪುಟ. ಹುಡುಕುವ ಆಜ್ಞೆ ಗೆರೆಯನ್ನು ಹೇಗೆ ಓದುತ್ತದೆ ಎಂದು ಬರೆದಳು. ಟಿಕ್ ಉಳಿಯುವುದಿಲ್ಲ, ಪಟ್ಟಿಯಲ್ಲಿ ಷರಾ ಮುದ್ರಣವಾಗುವುದಿಲ್ಲ ಎಂದು ಬರೆದಳು. ಉಗ್ರಾಣದವರು ಮೂರು ವರ್ಷದ ಹಿಂದೆಯೇ ದೂರು ಕೊಟ್ಟಿದ್ದರು, ನಾನು ಅದನ್ನು ಸರಿಮಾಡದೆ ಮುಗಿಸಿದೆ ಎಂದು ಬರೆದು, ದೂರು ಪುಸ್ತಕದ ಆ ಪುಟದ ಪ್ರತಿ ಲಗತ್ತಿಸಿದಳು. ಮೊದಲ ಪಟ್ಟಿಯನ್ನೂ ಇಟ್ಟಳು, ಪೆನ್ಸಿಲ್ ಗುರುತುಗಳ ಸಮೇತ. ಕೊನೆಯಲ್ಲಿ, ಪಟ್ಟಿಯ ಒಟ್ಟು ಸಂಖ್ಯೆಯ ಕೆಳಗೆ ಮೂರು ಸಹಿಗಳಿವೆ ಎಂದು ಒಂದು ಸಾಲು ಸೇರಿಸಿದಳು. ಆ ಸಾಲನ್ನು ಎರಡು ಸಲ ಅಳಿಸಿ ಮೂರನೇ ಸಲ ಬಿಟ್ಟಳು.

ದೊಡ್ಡ ಡಾಕ್ಟರು ಓದಿ, ನಿಮ್ಮಿಷ್ಟ ಎಂದಷ್ಟೇ ಹೇಳಿ ಮೇಲಕ್ಕೆ ಕಳಿಸಿದರು.

ಮೆಕ್ಯಾನಿಕ್‌ಗೆ ಹೇಳಬೇಕಿತ್ತು. ಮೇಣದಪ್ಪ ತಾನೇ ಹೇಳುತ್ತೇನೆ ಎಂದ. ಅವಳೂ ಜೊತೆಗೆ ಹೋದಳು. ನಿಮ್ಮ ಅಕ್ಕನ ಬ್ಲಾಕು ತಪ್ಪಾಗಿ ಸುಟ್ಟುಹೋಗಿದೆ ಎಂದು ಅವನು ಒಂದೇ ಉಸಿರಿಗೆ ಹೇಳಿದ. ಆ ತಮ್ಮ ಕೂಗಾಡಲಿಲ್ಲ. ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿದ.

"ಮತ್ತೆ ಸೂಜಿ ಹಾಕಿ ತೆಗೀಬೇಕಾ?"

"ಹೌದಪ್ಪ."

"ಮೊದಲನೇ ಸಲಾನೇ ಅವಳಿಗೆ ಆಗಿರಲಿಲ್ಲ," ಎಂದ. ಆಮೇಲೆ, ಲಾರಿಯ ದೋಷ ಕೇಳುವವನ ಹಾಗೆ, ಯಾವುದು ಕೆಟ್ಟಿತ್ತು ಎಂದು ಕೇಳಿದ. ಅವಳು ಹೇಳಿದಳು. ನಾನು ಬರೆದ ಒಂದು ಸಾಲು ಕೆಟ್ಟಿತ್ತು, ಈಗ ಸರಿಯಾಗಿದೆ ಎಂದಳು. ಎಷ್ಟು ಹೊತ್ತಾಯ್ತು ಸರಿಮಾಡೋಕೆ ಎಂದು ಕೇಳಿದ. ಇಪ್ಪತ್ತು ನಿಮಿಷ ಎಂದಳು. ಅವನು ತಲೆಯಾಡಿಸಿ, ಬೆಂಚಿನ ಮೇಲಿದ್ದ ಫೈಲು ತೆಗೆದುಕೊಂಡು ಏಳನೇ ವಾರ್ಡಿನ ಕಡೆ ನಡೆದ.

ವಿಚಾರಣೆ ಒಂದು ತಿಂಗಳು ಎಳೆಯಿತು. ಮೇಣದಪ್ಪನ ಕೆಲಸ ಹೋಗಲಿಲ್ಲ. ಅವನನ್ನು ಬಟ್ಟೆ ಉಗ್ರಾಣಕ್ಕೆ ಹಾಕಿದರು, ಹಾಸಿಗೆಯ ಹೊದಿಕೆ ಎಣಿಸಲು. ಅಲ್ಲಿ ಕಂಪ್ಯೂಟರಿಲ್ಲ, ಬದುಕಿಕೊಂಡೆ ಎಂದು ಅವಳ ಹತ್ತಿರ ಅಂದ. ಇಬ್ಬರೂ ನಗಲಿಲ್ಲ. ಅವಳ ಗುತ್ತಿಗೆ ಮುಂದುವರಿಯಿತು. ತೆಗೆಯಬೇಕೆಂದು ಮೇಲಿನವರು ಮಾತಾಡಿಕೊಂಡಿದ್ದರಂತೆ. ತೆಗೆದರೆ ಆ ಕುರ್ಚಿಯಲ್ಲಿ ಕೂರಲು ಇನ್ನೊಬ್ಬರಿರಲಿಲ್ಲ. ವಿಲೇವಾರಿಗೆ ಬೇರೆ ಅಂಕಣ ಮಾಡಿದಳು. ಅದನ್ನು ಕೇಳಿದವನು ಈಗ ಅದನ್ನು ಬಳಸುವ ಜಾಗದಲ್ಲಿ ಇರಲಿಲ್ಲ.

ಆಮೇಲೆ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ವಾರ್ಡಿನ ದಾಖಲೆಯ ಜೊತೆ ತಾಳೆ ನೋಡಿ, ಕಡತಕ್ಕೆ ಕೊನೆಯ ಹಾಳೆ ಸೇರಿಸಿದಳು. ಸುಡಬಾರದಿದ್ದರೂ ಸುಟ್ಟ ಬ್ಲಾಕುಗಳು ನಲವತ್ತೊಂದು. ಅವು ಮೂವತ್ತಮೂರು ಜನರವು. ಇಪ್ಪತ್ತೊಂದು ಜನರದ್ದು ಇನ್ನೊಂದು ಬ್ಲಾಕು ಬೇರೆ ಡ್ರಾಯರಿನಲ್ಲಿ ಸಿಕ್ಕಿತು. ಹನ್ನೆರಡು ಜನರದ್ದು ಸಿಗಲಿಲ್ಲ. ಅವರಲ್ಲಿ ಮತ್ತೆ ಸೂಜಿ ಹಾಕಿಸಿಕೊಂಡವರು ಆರು, ಒಪ್ಪದವರು ನಾಲ್ಕು, ಹಾಕಿಸಿಕೊಳ್ಳುವಷ್ಟು ಶಕ್ತಿ ಇಲ್ಲದವರು ಎರಡು. ಆ ಇಬ್ಬರಲ್ಲಿ ಒಬ್ಬಳು ಮೆಕ್ಯಾನಿಕ್‌ನ ಅಕ್ಕ.